ಕದಲದೆ ನಿಂತ ಪಂಚಮ

ಯೊಹಾನ್ ಸೆಬಾಸ್ಟಿಯನ್ ಬಾಖ್ 1722ರಲ್ಲಿ ಸಿದ್ಧಪಡಿಸಿದ 'ವೆಲ್ ಟೆಂಪರ್ಡ್ ಕ್ಲೇವಿಯರ್' ಸಂಪುಟದ ಮೊದಲ ರಚನೆ ಸಿ ಮೇಜರ್ ಪ್ರೆಲ್ಯೂಡ್. ಪಿಯಾನೊ ಕಲಿಯುವವರು ಕೆಲವೇ ವರ್ಷಗಳಲ್ಲಿ ಇದರ ಬಳಿಗೆ ಬರುತ್ತಾರೆ, ಏಕೆಂದರೆ ಬೆರಳುಗಳಿಗೆ ಇದು ಅಷ್ಟೇನೂ ಕಷ್ಟವಲ್ಲ. ಇಡೀ ರಚನೆ 35 ಬಾರ್‌ಗಳದ್ದು. ನುಡಿಸಿ ಮುಗಿಸಲು ಎರಡು ನಿಮಿಷ, ಸ್ವಲ್ಪ ನಿಧಾನಿಸಿದರೆ ಎರಡೂವರೆ. ಗುನುಗಿಕೊಳ್ಳೋಣವೆಂದರೆ ಇದರಲ್ಲಿ ರಾಗವೆನ್ನುವಂಥದ್ದೇ ಇಲ್ಲ. ಎಡಗೈ ಕೆಳಗಿನಿಂದ ಎರಡು ಸ್ವರ ಮೀಟುತ್ತದೆ, ಬಲಗೈ ಮೇಲೆ ಮೂರು ಸ್ವರ ಮೀಟಿ ಆ ಮೂರನ್ನೇ ಮತ್ತೊಮ್ಮೆ ಮೀಟುತ್ತದೆ. ಹೀಗೆ ಎಂಟು ಸ್ವರಗಳ ಒಂದು ಸುರುಳಿ. ಒಂದು ಬಾರ್‌ನಲ್ಲಿ ಅದೇ ಸುರುಳಿ ಎರಡು ಸಲ ಬರುತ್ತದೆ. ಮುಂದಿನ ಬಾರ್‌ನಲ್ಲಿ ಸ್ವರಗಳು ಬದಲಾಗಬಹುದು, ಸುರುಳಿಯ ಆಕಾರ ಬದಲಾಗುವುದಿಲ್ಲ. 32ನೇ ಬಾರ್‌ನವರೆಗೂ ಇಷ್ಟೇ.

ಆದರೂ ಕೇಳುತ್ತ ಕೂತವರಿಗೆ ಮುಕ್ಕಾಲು ಭಾಗ ಕಳೆಯುವ ಹೊತ್ತಿಗೆ ಏನೋ ಬಿಗಿಯಾದಂತೆ ಅನ್ನಿಸುತ್ತದೆ. ಸದ್ದು ಹೆಚ್ಚಿಲ್ಲ, ವೇಗ ಹೆಚ್ಚಿಲ್ಲ, ಕೈಯ ಚಲನೆಯೂ ಬೇರೆಯಾಗಿಲ್ಲ. ಆದದ್ದು ಇಷ್ಟೇ: ಅಲ್ಲಿಯವರೆಗೆ ಓಡಾಡಿಕೊಂಡಿದ್ದ ಕೆಳಗಿನ ಸ್ವರ ಒಂದೆಡೆ ನಿಂತುಬಿಟ್ಟಿದೆ. ಮೇಲಿನ ಸ್ವರಗಳು ಬದಲಾಗುತ್ತಲೇ ಇದ್ದರೂ ಕೆಳಗಿನದು ಕದಲುತ್ತಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ಪೆಡಲ್ ಪಾಯಿಂಟ್ ಎನ್ನುತ್ತಾರೆ. ಚರ್ಚಿನ ಆರ್ಗನ್ ನುಡಿಸುವವನು ಪಾದದ ಕೆಳಗಿನ ಮರದ ಪಟ್ಟಿಯೊಂದನ್ನು ಒತ್ತಿಹಿಡಿದು, ಎರಡು ಕೈಗಳನ್ನೂ ಮೇಲೆ ಸ್ವತಂತ್ರವಾಗಿ ಓಡಾಡಿಸುತ್ತಿದ್ದುದರಿಂದ ಬಂದ ಹೆಸರು ಅದು. ಪಿಯಾನೊದ ಕೆಳಗಿರುವ ಪೆಡಲ್‌ಗೂ ಇದಕ್ಕೂ ಸಂಬಂಧವಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಮ್ಮ ಸ್ವರಗಳ ಹೆಸರಿನಲ್ಲೇ ಹೇಳುವುದು ಸುಲಭ. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜವೆಂದು ಇಟ್ಟುಕೊಳ್ಳಿ. ಆಗ ಬಾಖ್‌ನ ಈ ಪ್ರೆಲ್ಯೂಡ್ ಶಂಕರಾಭರಣದ ಸ್ವರಗಳಲ್ಲಿ ಆರಂಭವಾಗುತ್ತದೆ. ನಡುವೆ ಬೇರೆ ಸ್ವರಗಳೂ ಬಂದುಹೋಗುತ್ತವೆ. ಅತಿ ಕೆಳಗಿನ ಸ್ವರವೊಂದನ್ನೇ ಕಿವಿಯಲ್ಲಿ ಹಿಡಿದುಕೊಂಡು ಹೋದರೆ ಅದರ ದಾರಿ ಸ್ಪಷ್ಟವಾಗಿ ಕೇಳುತ್ತದೆ. ಮೊದಲು ಷಡ್ಜ, ಕೆಳಗಿನ ನಿಷಾದ, ಮತ್ತೆ ಷಡ್ಜ. ಆಮೇಲೆ ಧೈವತದ ಕಡೆಗೆ ಇಳಿದು, ಪಂಚಮ, ಮಧ್ಯಮ, ಗಾಂಧಾರ, ರಿಷಭ ಎಂದು ಮೆಟ್ಟಿಲಿಳಿದಂತೆ ಕೆಳಕ್ಕೆ. ಎಲ್ಲಿಯೂ ಮೂರು ಬಾರ್‌ಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. 18ನೇ ಬಾರ್‌ನಲ್ಲಿ ಪಂಚಮಕ್ಕೆ ಬರುತ್ತದೆ, ಅಲ್ಲಿ ಒಂದೇ ಬಾರ್ ಇದ್ದು 19ರಲ್ಲಿ ಷಡ್ಜಕ್ಕೆ ತಲುಪುತ್ತದೆ. ಇದೂ ಒಂದು ತಲುಪುವಿಕೆಯೇ. ಆದರೆ ಇದು ಯಾರನ್ನೂ ಕುರ್ಚಿಯ ತುದಿಗೆ ತರುವುದಿಲ್ಲ. ಬಂತು, ಸರಿ, ಮುಂದೆ ಹೋಗೋಣ ಎಂಬಷ್ಟೇ.

ನಂತರ 24ನೇ ಬಾರ್‌ನಲ್ಲಿ ಬಾಸ್ ಮತ್ತೆ ಅದೇ ಪಂಚಮಕ್ಕೆ ಬರುತ್ತದೆ. ಈ ಸಲ ಒಂದು ಬಾರ್ ಅಲ್ಲ, ಎಂಟು ಬಾರ್ ಅಲ್ಲೇ ನಿಲ್ಲುತ್ತದೆ. 31 ಮುಗಿದು 32 ಬರುವವರೆಗೂ ಬಿಡುವುದಿಲ್ಲ. ಪಂಚಮದಿಂದ ಷಡ್ಜಕ್ಕೆ ಹೋಗುವ ಅದೇ ಹಾದಿ, ಅದೇ ಎರಡು ಸ್ವರ. ಬೇರೆಯಾದದ್ದು ನಿಂತ ಅವಧಿ, ಮತ್ತು ಆ ಅವಧಿಯಲ್ಲಿ ಮೇಲೆ ನಡೆದದ್ದು.

ಇಲ್ಲಿ ನಮ್ಮ ಕಿವಿಗೆ ಒಂದು ತೊಡಕಿದೆ. ಕರ್ನಾಟಕ ಸಂಗೀತವಾಗಲಿ ಹಿಂದೂಸ್ತಾನಿಯಾಗಲಿ ಯಕ್ಷಗಾನವಾಗಲಿ, ಕದಲದ ಸ್ವರ ನಮಗೆ ಹೊಸದಲ್ಲ. ತಂಬೂರಿಯ ಸ-ಪ ಕಛೇರಿ ಶುರುವಾಗುವ ಮೊದಲೇ ಶುರುವಾಗಿರುತ್ತದೆ, ಮಂಗಳ ಹಾಡಿ ಮುಗಿಸಿದ ಮೇಲೆ ನಿಲ್ಲುತ್ತದೆ. ಹಾಗಾಗಿ ಕೆಳಗೊಂದು ಸ್ವರ ನಿಂತಿದೆ ಎಂದರೆ ನಮ್ಮ ಕಿವಿಗೆ ಅದು ಬಿಗಿತವಲ್ಲ, ನೆಲೆ. ಬಾಖ್‌ನ ಪಂಚಮವನ್ನು ಹೀಗೆ ತಂಬೂರಿಯ ತಂತಿಯಂತೆ ಕೇಳಿದರೆ ಅದು ಮಾಡಬೇಕಾದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ತಂಬೂರಿಯ ಷಡ್ಜ ಎಂದೂ ನಡೆದಾಡಿದ್ದಿಲ್ಲ, ಆದ್ದರಿಂದ ಅದು 'ನಿಂತಿತು' ಎಂಬ ಅನುಭವವೂ ಇಲ್ಲ. ಪೆಡಲ್ ಪಾಯಿಂಟ್ ಹಾಗಲ್ಲ. 23 ಬಾರ್ ನಡೆದಾಡಿದ್ದೇ 24ರಲ್ಲಿ ನಿಲ್ಲುತ್ತದೆ. ನಿಂತದ್ದು ಇನ್ನು ಮುಂದೆ ಹೊರಡಲೇಬೇಕು ಎಂಬುದು ಕೇಳುವವನಿಗೆ ಗೊತ್ತಿರುತ್ತದೆ. ಜೊತೆಗೆ, ನಿಂತಿರುವುದು ಷಡ್ಜದಲ್ಲಲ್ಲ. ಪಂಚಮದಲ್ಲಿ. ಈ ವ್ಯತ್ಯಾಸ ಇಡೀ ವಿಷಯದ ಬೇರು.

ಪಂಚಮದಲ್ಲೇ ಏಕೆ? ಪಂಚಮವನ್ನು ಕೆಳಗಿಟ್ಟು ಅದರ ಮೇಲೆ ಪಾಶ್ಚಾತ್ಯರು ಕಟ್ಟುವ ಮುಖ್ಯ ಕಾರ್ಡ್‌ನಲ್ಲಿ ಕಾಕಲಿ ನಿಷಾದವೂ ಶುದ್ಧ ಮಧ್ಯಮವೂ ಇರುತ್ತವೆ. ಶಂಕರಾಭರಣ ಹಾಡಿದವರಿಗೆ ಗೊತ್ತು, ಈ ನಿಷಾದ ಮೇಲಿನ ಷಡ್ಜದ ಕಡೆಗೆ ಎಳೆಯುತ್ತದೆ, ಈ ಮಧ್ಯಮ ಕೆಳಗಿನ ಗಾಂಧಾರದ ಕಡೆಗೆ ವಾಲುತ್ತದೆ. ಎರಡರಿಂದಲೂ ಗುರಿ ಅರ್ಧ ಸ್ವರದಷ್ಟೇ ದೂರ. ಇವೆರಡೂ ಒಟ್ಟಿಗೆ ಕೇಳಿಸಿದಾಗ, ಎರಡೂ ಒಟ್ಟಿಗೆ ಜಾರಿ ಷಡ್ಜ-ಗಾಂಧಾರದಲ್ಲಿ ಕೂರಬೇಕೆಂದು ಕಿವಿ ಬಯಸುತ್ತದೆ. ಪಂಚಮ ಆ ಬಯಕೆಯನ್ನು ಕೆಳಗಿನಿಂದ ಹಿಡಿದಿಟ್ಟಿರುತ್ತದೆ.

ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಇದನ್ನು ಪರೀಕ್ಷಿಸಬಹುದು. ತಿದಿಯೊತ್ತುವ ಕೆಲಸವನ್ನು ಜೊತೆಗಿರುವವರಿಗೆ ಒಪ್ಪಿಸಿ, ಎಡಗೈಯಿಂದ ಮಂದ್ರದ ಪಂಚಮವನ್ನು ಒತ್ತಿಹಿಡಿದುಕೊಳ್ಳಿ. ಅದನ್ನು ಬಿಡದೆ ಬಲಗೈಯಿಂದ ಸ-ಗ-ಪ ಮೂರನ್ನೂ ಒಟ್ಟಿಗೆ ಒತ್ತಿ. ಮೂರೂ ಮನೆಯ ಸ್ವರಗಳೇ, ಆದರೂ ಪೂರ್ತಿ ನೆಮ್ಮದಿ ಎನಿಸುವುದಿಲ್ಲ. ಈಗ ಬಲಗೈಯನ್ನು ನಿ-ರಿ-ಮಕ್ಕೆ ಬದಲಿಸಿ, ಎಳೆತ ಹೆಚ್ಚುತ್ತದೆ. ಮತ್ತೆ ಸ-ಗ-ಪ, ಮತ್ತೆ ನಿ-ರಿ-ಮ. ನಾಲ್ಕಾರು ಸಲ ಹೀಗೆ ಮಾಡಿ, ಕೊನೆಗೆ ಬಲಗೈಯ ಸ-ಗ-ಪ ಬರುವ ಕ್ಷಣಕ್ಕೆ ಎಡಗೈಯನ್ನೂ ಮಂದ್ರ ಷಡ್ಜಕ್ಕೆ ಸರಿಸಿ. ಬಲಗೈಯಲ್ಲಿ ಮೊದಲು ಒತ್ತಿದ ಅವೇ ಮೂರು ಸ್ವರಗಳಿವೆ, ಆದರೆ ಈಗ ಅವು ಬೇರೆಯಾಗಿ ಕೇಳುತ್ತವೆ. ಮೊದಲ ಸಲ ಒತ್ತಿದಾಗ ಮನೆ ಕಾಣುತ್ತಿತ್ತು, ನಾವು ಮಾತ್ರ ಹೊಸಿಲಿನ ಈಚೆಗಿದ್ದೆವು.

ಬಾಖ್ ಎಂಟು ಬಾರ್‌ಗಳಲ್ಲಿ ಮಾಡುವುದು ಇದನ್ನೇ, ಆದರೆ ಬಹಳ ಹೆಚ್ಚು ಲೆಕ್ಕಾಚಾರದಿಂದ. ಮೊದಲು ಅವನು ಪಂಚಮಕ್ಕೆ ಬರುವ ರೀತಿ ನೋಡಬೇಕು. 21ನೇ ಬಾರ್‌ನಲ್ಲಿ ಬಾಸ್ ಶುದ್ಧ ಮಧ್ಯಮದಲ್ಲಿದೆ. 22ರಲ್ಲಿ ಪ್ರತಿ ಮಧ್ಯಮಕ್ಕೆ ಏರುತ್ತದೆ, ಅಂದರೆ ಪಂಚಮಕ್ಕೆ ಕೆಳಗಿನಿಂದ ಅರ್ಧ ಸ್ವರದಷ್ಟು ಹತ್ತಿರ. ಇನ್ನೇನು ಪಂಚಮ ಎನ್ನುವಾಗ 23ರಲ್ಲಿ ಅದನ್ನು ಹಾರಿ ಶುದ್ಧ ಧೈವತಕ್ಕೆ ಹೋಗುತ್ತದೆ. ಈಗ ಮೇಲಿನಿಂದ ಅರ್ಧ ಸ್ವರದಷ್ಟು ಹತ್ತಿರ. ಗುರಿಯ ಎರಡೂ ಪಕ್ಕಗಳನ್ನು ಮುಟ್ಟಿ, ಗುರಿಯನ್ನು ಮಾತ್ರ ಮುಟ್ಟದೆ ಬಿಟ್ಟು, 24ರಲ್ಲಿ ಅದರ ಮೇಲೆ ಇಳಿಯುತ್ತಾನೆ. ಪಂಚಮ ಬಂದಾಗ ಅದು ಹತ್ತರಲ್ಲಿ ಒಂದು ಸ್ವರವಾಗಿ ಉಳಿಯದಿರುವುದು ಇದರಿಂದಲೇ.

ಈ ಜಾಗದಲ್ಲಿ ಬಾಖ್ ಬರೆಯದ ಒಂದು ಬಾರ್ ಮುಂದೆ ಸೇರಿಕೊಂಡಿತು. 22 ಮತ್ತು 23ರ ನಡುವೆ ಬರುವ ಅದನ್ನು ಶ್ವೆಂಕೆ ಎಂಬ ಜರ್ಮನ್ ಸಂಗೀತಗಾರನ ಹೆಸರಿನಿಂದ ಗುರುತಿಸುತ್ತಾರೆ. ಪ್ರತಿ ಮಧ್ಯಮದಿಂದ ಶುದ್ಧ ಧೈವತಕ್ಕೆ ಹಾರುವುದು ಆ ಕಾಲದ ಕೆಲವರಿಗೆ ಬರವಣಿಗೆಯ ತಪ್ಪೆಂದು ಕಂಡಿರಬೇಕು. ನಡುವೆ ಪಂಚಮದ ಮೇಲೆ ಒಂದು ಕಾರ್ಡ್ ಇಟ್ಟು ದಾರಿಯನ್ನು ಸಮ ಮಾಡಿದರು. 19ನೇ ಶತಮಾನದ ಹಲವು ಮುದ್ರಣಗಳಲ್ಲಿ ಇದು ಬಂತು. ಫ್ರಾನ್ಸಿನ ಶಾರ್ಲ್ ಗುನೋ ಈ ಪ್ರೆಲ್ಯೂಡ್‌ನ ಮೇಲೆ ತನ್ನದೊಂದು ರಾಗ ಹೆಣೆದು 1853ರಲ್ಲಿ ಪ್ರಕಟಿಸಿದಾಗ, ಮುಂದೆ ಅದು 'ಆವೆ ಮರಿಯಾ' ಎಂದು ಜಗತ್ತೆಲ್ಲ ಹಾಡುವಂತಾದಾಗ, ಅದರೊಳಗೂ ಈ ಹೆಚ್ಚುವರಿ ಬಾರ್ ಇತ್ತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಗುನೋನ ರಾಗ ಚೆನ್ನಾಗಿಯೇ ಇದೆ, ಅದರಲ್ಲಿ ತಕರಾರಿಲ್ಲ. ಆದರೆ ಪಂಚಮ ನಿಲ್ಲುವ ಎರಡು ಬಾರ್ ಮೊದಲೇ ಒಮ್ಮೆ ಕೇಳಿಸಿಬಿಡುವುದರಿಂದ, ಆಮೇಲೆ ಅದು ಬಂದು ನಿಂತಾಗ ಹೊಸದಾಗಿ ಕೇಳುವುದಿಲ್ಲ. ಬಾಖ್ ಬಚ್ಚಿಟ್ಟಿದ್ದನ್ನು ತಿದ್ದಿದವರು ತೋರಿಸಿಬಿಟ್ಟರು ಎಂದೇ ನನ್ನ ಅಭಿಪ್ರಾಯ.

ಇನ್ನು ಆ ಎಂಟು ಬಾರ್‌ಗಳು. ಕೆಳಗೆ ಪಂಚಮ ಎಂಟರಲ್ಲೂ ಒಂದೇ. 24ರಲ್ಲಿ ಮೇಲೆ ನಿಷಾದ ಮತ್ತು ಮಧ್ಯಮ ಇವೆ. ಪಂಚಮ ಅವುಗಳ ಕುಟುಂಬದ್ದೇ. 25ರಲ್ಲಿ ಮೇಲಿನವು ಷಡ್ಜ ಮತ್ತು ಗಾಂಧಾರಕ್ಕೆ ಸರಿಯುತ್ತವೆ, ಹಾರ್ಮೋನಿಯಂನಲ್ಲಿ ನೋಡಿದೆವಲ್ಲ, ಹೊಸಿಲಿನ ಈಚೆಗಿನ ಕಾರ್ಡ್ ಅದು. 26ರಲ್ಲಿ ಗಾಂಧಾರ ಮತ್ತೆ ಮಧ್ಯಮಕ್ಕೆ ಹೋಗುತ್ತದೆ, ಷಡ್ಜ ಮಾತ್ರ ಹಟದಿಂದ ಅಲ್ಲೇ ಕೂರುತ್ತದೆ. 27ರಲ್ಲಿ ಆ ಷಡ್ಜವೂ ಸೋತು ನಿಷಾದಕ್ಕೆ ಇಳಿಯುತ್ತದೆ. ಇಲ್ಲಿ ಸಾಮಾನ್ಯ ರಚನೆಕಾರನಾಗಿದ್ದರೆ ಮುಗಿಸುತ್ತಿದ್ದ. ನಾಲ್ಕು ಬಾರ್ ಆಯಿತು, ನಿಷಾದ-ಮಧ್ಯಮ ತಯಾರಾಗಿ ನಿಂತಿವೆ, ಷಡ್ಜಕ್ಕೆ ಹೋಗಿಬಿಟ್ಟರೆ ಯಾರೂ ಕೇಳುವವರಿಲ್ಲ.

ಬಾಖ್ ಹೋಗುವುದಿಲ್ಲ. 28ರಲ್ಲಿ ಮೇಲೆ ಬರುವುದು ಸಾಧಾರಣ ಗಾಂಧಾರ, ಚತುಶ್ರುತಿ ಧೈವತ, ಷಡ್ಜ, ಮತ್ತು ಎಲ್ಲಕ್ಕಿಂತ ಮೇಲೆ ಪ್ರತಿ ಮಧ್ಯಮ. ಈ ನಾಲ್ಕರ ಕೂಟದಲ್ಲಿ ಪಂಚಮಕ್ಕೆ ಜಾಗವೇ ಇಲ್ಲ. ಕೆಳಗೆ ಪಂಚಮ ಮೊಳಗುತ್ತಿರುವಾಗ ಮೇಲ್ತುದಿಯಲ್ಲಿ ಅದರ ಪಕ್ಕದ ಪ್ರತಿ ಮಧ್ಯಮ ಮೊಳಗುತ್ತದೆ. ಎರಡು ಸ್ಥಾಯಿಗಳ ಅಂತರವಿದ್ದರೂ ಉಜ್ಜಾಟ ಕೇಳಿಯೇ ಕೇಳುತ್ತದೆ. ಪೆಡಲ್ ಪಾಯಿಂಟ್ ನಿಜವಾಗಿ ಪೆಡಲ್ ಪಾಯಿಂಟ್ ಆಗುವುದು ಈ ಬಾರ್‌ನಲ್ಲಿ. ಶುರುವಿನಲ್ಲಿ ಅದು ಮೇಲಿನ ಕಾರ್ಡ್‌ಗೆ ಸೇರಿದ ಸ್ವರ, ಕೊನೆಯಲ್ಲೂ ಸೇರಿದ ಸ್ವರ, ನಡುವೆ ಒಂದು ಕಡೆ ಪರಕೀಯ. ಆ ಪರಕೀಯ ಕ್ಷಣ ಇಲ್ಲದಿದ್ದರೆ ಅದು ಬರೀ ಉದ್ದನೆಯ ಸ್ವರ. ಸುಮ್ಮನೆ ಒಂದೇ ಕಡೆ ನಿಲ್ಲುವುದರಿಂದ ಬಿಗಿತ ಹುಟ್ಟುವುದಿಲ್ಲ. ನಿಂತದ್ದಕ್ಕೂ ನಡೆಯುವುದಕ್ಕೂ ಒಪ್ಪಿಗೆ ತಪ್ಪಿದಾಗ, ನಿಂತದ್ದು ಜಗ್ಗದೆ ಇದ್ದಾಗ ಹುಟ್ಟುತ್ತದೆ.

29ರಲ್ಲಿ ಮತ್ತೆ ಹೊಸಿಲಿನ ಕಾರ್ಡ್, ಈ ಸಲ ಮೇಲ್ತುದಿಯ ಸ್ವರ ಪಂಚಮಕ್ಕೆ ಏರಿದೆ. ಈ ಎಂಟು ಬಾರ್‌ಗಳಲ್ಲಿ ಅದೇ ಅತಿ ಎತ್ತರ. ಇನ್ನುಳಿದ 30 ಮತ್ತು 31 ಬೇರೇನೂ ಅಲ್ಲ, 26 ಮತ್ತು 27ರ ಅದೇ ಸ್ವರಗಳು, ಒಂದೂ ಬದಲಾಗದೆ. ಷಡ್ಜ ಹಟ ಹಿಡಿಯುತ್ತದೆ, ಮತ್ತೆ ನಿಷಾದಕ್ಕೆ ಇಳಿಯುತ್ತದೆ. ಮೊದಲ ಸಲ ಇದೇ ಜಾಗದಿಂದ ಬಾಖ್ ಮನೆಗೆ ಹೋಗದೆ ತಿರುಗಿಬಿದ್ದಿದ್ದ. ಆದ್ದರಿಂದ ಎರಡನೆಯ ಸಲ ಅದೇ ಜಾಗಕ್ಕೆ ಬಂದಾಗ ಕೇಳುವವನಿಗೆ ಖಾತ್ರಿ ಇರುವುದಿಲ್ಲ.

32ನೇ ಬಾರ್‌ನಲ್ಲಿ ಬಾಸ್ ಕೊನೆಗೂ ಷಡ್ಜಕ್ಕೆ, ಅದೂ ಆಳದ ಷಡ್ಜಕ್ಕೆ, ಇಳಿಯುತ್ತದೆ. ಮೇಲ್ತುದಿಯ ಮಧ್ಯಮ ಗಾಂಧಾರಕ್ಕೆ ಇಳಿಯುತ್ತದೆ, ಅಂದರೆ ವಾಲಿದ ಕಡೆಗೇ. ಆದರೆ ನಿಷಾದ? ಅದು ಮೇಲಿನ ಷಡ್ಜಕ್ಕೆ ಹೋಗಬೇಕಿತ್ತು. ಹೋಗುವ ಬದಲು ಅರ್ಧ ಸ್ವರ ಕೆಳಗಿಳಿದು ಕೈಶಿಕಿ ನಿಷಾದವಾಗುತ್ತದೆ. ಬಾಸ್ ತಲುಪಿತು, ಕಾರ್ಡ್ ತಲುಪಲಿಲ್ಲ. ಇಲ್ಲಿಂದ ಇನ್ನೊಂದು ಪೆಡಲ್ ಪಾಯಿಂಟ್ ಆರಂಭವಾಗುತ್ತದೆ. ಈ ಸಲ ಷಡ್ಜದ ಮೇಲೆ, ಕೊನೆಯ ನಾಲ್ಕು ಬಾರ್ ಪೂರ್ತಿ. ಅದರ ಮೇಲೆ ಮಧ್ಯಮದ ಕುಟುಂಬದ ಕಾರ್ಡ್, ಆಮೇಲೆ ಪಂಚಮದ ಕುಟುಂಬದ ಕಾರ್ಡ್ ಹಾದುಹೋಗುತ್ತವೆ. ಉಜ್ಜಾಟ ಇಲ್ಲೂ ಇದೆ, 34ರಲ್ಲಿ ಕೆಳಗೆ ಷಡ್ಜ, ಅದರ ಮೇಲೆ ನಿಷಾದ. ಆದರೂ ಇಲ್ಲಿ ಹಿಂದಿನ ಆತಂಕವಿಲ್ಲ, ಏಕೆಂದರೆ ನಿಂತಿರುವ ನೆಲ ಮನೆಯದ್ದೇ. ನಿಲ್ಲುವುದು ಪಂಚಮದಲ್ಲಾದರೆ ಹಂಬಲ, ಷಡ್ಜದಲ್ಲಾದರೆ ವಿಶ್ರಾಂತಿ. ಬಾಖ್ ಎರಡನ್ನೂ 12 ಬಾರ್‌ಗಳಲ್ಲಿ ಪಕ್ಕಪಕ್ಕದಲ್ಲಿಟ್ಟಿದ್ದಾನೆ. ಇಡೀ ಪ್ರೆಲ್ಯೂಡ್‌ನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇದು.

ಇನ್ನೊಂದನ್ನು ಗಮನಿಸಬೇಕು. 32 ಬಾರ್ ಬದಲಾಗದೆ ಬಂದ ಎಂಟು ಸ್ವರಗಳ ಸುರುಳಿ 33ರಲ್ಲಿ ಒಡೆಯುತ್ತದೆ. 33 ಮತ್ತು 34ರಲ್ಲಿ ಕೈ ಇಡೀ ಬಾರ್‌ನುದ್ದಕ್ಕೂ ಏರಿ ಇಳಿಯುತ್ತದೆ, ಅರ್ಧಕ್ಕೆ ಮತ್ತೆ ಶುರುಮಾಡುವುದಿಲ್ಲ. ಹೀಗೆ ಒಂದೇ ಸುರುಳಿಯನ್ನು ಪಟ್ಟುಹಿಡಿದು ಮತ್ತೆ ಮತ್ತೆ ಹೇಳುವ ತಂತ್ರಕ್ಕೆ ಒಸ್ಟಿನಾಟೊ ಎಂದು ಹೆಸರು. ಕಟ್ಟುನಿಟ್ಟಾದ ಒಸ್ಟಿನಾಟೊದಲ್ಲಿ ಸ್ವರಗಳೂ ಬದಲಾಗಬಾರದು; ಬಾಖ್‌ನಲ್ಲಿ ಬದಲಾಗದೆ ಉಳಿದದ್ದು ಲಯ ಮತ್ತು ಆಕಾರ. ತಬಲಾ ಸೋಲೋದ ಜೊತೆ ಸಾರಂಗಿಯೋ ಹಾರ್ಮೋನಿಯಂನೋ ಗಂಟೆಗಟ್ಟಲೆ ನುಡಿಸುವ ಲೆಹರಾ ನಮಗೆ ತಿಳಿದಿರುವ ಒಸ್ಟಿನಾಟೊ. ಪೆಡಲ್ ಪಾಯಿಂಟ್‌ಗೂ ಇದಕ್ಕೂ ನಡುವಿನ ಗೋಡೆ ತೆಳುವಾದದ್ದು. ಆರ್ಗನ್‌ನಲ್ಲಿ ಒತ್ತಿಹಿಡಿದ ಸ್ವರ ಒತ್ತಿರುವಷ್ಟು ಹೊತ್ತೂ ಕೇಳುತ್ತದೆ. ಬಾಖ್‌ನ ಕಾಲದ ಹಾರ್ಪ್ಸಿಕಾರ್ಡ್‌ನಲ್ಲಾಗಲಿ ಇಂದಿನ ಪಿಯಾನೊದಲ್ಲಾಗಲಿ ಹಾಗಲ್ಲ, ಮೀಟಿದ ಸ್ವರ ಕ್ರಮೇಣ ಸಾಯುತ್ತದೆ. ಆದ್ದರಿಂದ ಈ ಪಂಚಮವನ್ನು ಬಾರ್‌ಗೆ ಎರಡು ಸಲದಂತೆ ಒಟ್ಟು 16 ಸಲ ಮೀಟಬೇಕು. ನಿಂತ ಸ್ವರವೇ ಮಿಡಿತವಾಗುತ್ತದೆ.

ಈ ಮಿಡಿತವನ್ನು ಇನ್ನೂ ಬೇರೆ ದಿಕ್ಕಿಗೆ ಒಯ್ದವನು ಬೀಥೋವನ್. ಅವನ ಐದನೇ ಸಿಂಫನಿ 1808ರ ಡಿಸೆಂಬರ್ 22ರಂದು ವಿಯೆನ್ನಾದ ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ ಮೊದಲ ಬಾರಿ ಕೇಳಿಸಿತು. ಅದರ ಮೂರನೇ ಭಾಗ ಮುಗಿದು ನಾಲ್ಕನೆಯದು ಶುರುವಾಗುವ ನಡುವೆ ವಿರಾಮವಿಲ್ಲ. ಸುಮಾರು 50 ಬಾರ್‌ಗಳ ಒಂದು ಸೇತುವೆಯಿದೆ. ಬೀಥೋವನ್ ಸೂಚಿಸಿದ ವೇಗದಲ್ಲಿ ನುಡಿಸಿದರೆ ಅದು ಅರ್ಧ ನಿಮಿಷ. ತಂತಿವಾದ್ಯಗಳು ಉದ್ದನೆಯ ಸ್ವರಗಳನ್ನು ಹಿಡಿದು ಕೇಳಿಯೂ ಕೇಳದಷ್ಟು ಮೆಲ್ಲಗೆ ನುಡಿಯುತ್ತವೆ. ಅವುಗಳ ಕೆಳಗೆ ಟಿಂಪನಿ ಎಂಬ ಶ್ರುತಿಗೂಡಿಸಿದ ನಗಾರಿ, ಅದೂ ಮೆಲ್ಲಗೆ, ಒಂದೇ ಸ್ವರವನ್ನು ಬಡಿಯುತ್ತದೆ.

ಅವನ ಬಳಿ ಎರಡು ನಗಾರಿಗಳಿದ್ದವು. ಒಂದು ಷಡ್ಜಕ್ಕೆ, ಇನ್ನೊಂದು ಪಂಚಮಕ್ಕೆ ಶ್ರುತಿ ಮಾಡಿದ್ದು. ಬಾಖ್‌ನಿಂದ ಕಲಿತ ಪಾಠದ ಪ್ರಕಾರ ಹಂಬಲ ಹುಟ್ಟಿಸಬೇಕಾದರೆ ಪಂಚಮದ ನಗಾರಿ ಬಡಿಯಬೇಕು. ಬೀಥೋವನ್ ಬಡಿಸುವುದು ಷಡ್ಜದ್ದನ್ನು. ಷಡ್ಜದ ಮೇಲೆ ನಿಂತರೆ ವಿಶ್ರಾಂತಿ ಎಂದೆವಲ್ಲ, ಇಲ್ಲಿ ಮೈ ಜುಮ್ಮೆನ್ನುವ ಕಾತರ ಹೇಗೆ ಬಂತು?

ಮೊದಲ ಕಾರಣ, ನಗಾರಿಯ ಷಡ್ಜ ಅಲ್ಲಿ ಅತಿ ಕೆಳಗಿನ ಸ್ವರವಲ್ಲ. ಸೇತುವೆ ಶುರುವಾದಾಗ ಚೆಲ್ಲೊ ಮತ್ತು ಡಬಲ್ ಬಾಸ್‌ಗಳು ಕೆಳಗೆ ಶುದ್ಧ ಧೈವತವನ್ನು ಹಿಡಿದಿರುತ್ತವೆ. ಬಾಖ್‌ನಲ್ಲಿ ಪಂಚಮಕ್ಕೆ ಒಂದು ಬಾರ್ ಮೊದಲು ಕೇಳಿಸಿದ ಅದೇ ಧೈವತ. ಆದ್ದರಿಂದ ಷಡ್ಜ ಮೊಳಗುತ್ತಿದ್ದರೂ ಅದು ಮನೆಯೆಂದು ಗುರುತು ಸಿಗುವುದಿಲ್ಲ, ಬೇರೆ ಯಾರದೋ ಮನೆಯಲ್ಲಿ ಅತಿಥಿಯಾಗಿ ಕೂತಂತೆ ಕೇಳುತ್ತದೆ. ಎರಡನೆಯ ಕಾರಣ, ಮುಂದೆ ಬಾಸ್‌ಗಳು ಧೈವತ ಬಿಟ್ಟು ಪಂಚಮಕ್ಕೆ ಬಂದು, ಕೊನೆಯ ಹೊತ್ತಿಗೆ ಇಡೀ ವಾದ್ಯವೃಂದ ನಿಷಾದ-ಮಧ್ಯಮಗಳ ಆ ಎಳೆಯುವ ಕಾರ್ಡ್‌ನಲ್ಲಿ ಸೇರಿಕೊಳ್ಳುತ್ತದೆ. ಆಗಲೂ ನಗಾರಿ ಷಡ್ಜ ಬಿಡುವುದಿಲ್ಲ. ಈಗ ಆ ಕಾರ್ಡ್‌ನ ನಿಷಾದಕ್ಕೂ ನಗಾರಿಯ ಷಡ್ಜಕ್ಕೂ ನೇರ ಜಗಳ. ಇಷ್ಟು ಹೊತ್ತು ಉಸಿರು ಹಿಡಿದಂತಿದ್ದ ಸದ್ದನ್ನು ಕೊನೆಯ ಕೆಲವೇ ಬಾರ್‌ಗಳಲ್ಲಿ ಏರಿಸುತ್ತಾನೆ. ಆಮೇಲೆ ಸಿ ಮೇಜರ್ ಒಡೆದು ಬರುತ್ತದೆ. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಟ್ರಾಂಬೋನ್, ಪಿಕಲೊ, ಕಾಂಟ್ರಾ ಬಸೂನ್‌ಗಳೂ ಈ ನಾಲ್ಕನೇ ಭಾಗದಲ್ಲೇ ಮೊದಲ ಸಲ ಬಾಯಿ ತೆರೆಯುತ್ತವೆ.

ಆ ಸ್ಫೋಟದ ಕ್ಷಣದಲ್ಲಿ ನಗಾರಿ ಎಲ್ಲಿಗೂ ಹೋಗುವುದಿಲ್ಲ. ಬಾಖ್‌ನಲ್ಲಿ ತಲುಪುವುದೆಂದರೆ ನಿಂತ ಪಂಚಮ ಷಡ್ಜಕ್ಕೆ ಸರಿಯುವುದು. ಇಲ್ಲಿ ನಿಂತದ್ದು ನಿಂತೇ ಇದೆ. ಉಳಿದವರೆಲ್ಲ ಅದಿದ್ದಲ್ಲಿಗೆ ಬಂದರು. ಅರ್ಧ ನಿಮಿಷ ಪರಕೀಯವಾಗಿ ಬಡಿಯುತ್ತಿದ್ದ ಸ್ವರವೇ ಯಜಮಾನ ಎಂದು ಒಂದೇ ಏಟಿಗೆ ಗೊತ್ತಾಗುತ್ತದೆ. ಈ ಪ್ರಸಂಗದ ಪರಿಣಾಮವೆಲ್ಲ ಹಾರ್ಮನಿಯದ್ದೇ ಎನ್ನಲಾಗದು, ಸದ್ದಿನ ಏರಿಕೆಯದೂ ಹೊಸ ವಾದ್ಯಗಳದೂ ಪಾಲಿದೆ. ಆದರೆ ಸದ್ದು ಏರುವ ಮೊದಲೇ, ಇನ್ನೂ ಪಿಸುಗುಟ್ಟುತ್ತಿರುವಾಗಲೇ ಕೇಳುವವರು ಬಿಗಿಯಾಗಿರುತ್ತಾರೆ. ಅದು ನಗಾರಿಯ ಕೆಲಸ.

ನಗಾರಿಗೆ ಶ್ರುತಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಾರಿಸ್ ರವೆಲ್‌ನ 'ಬೊಲೆರೊ' ಉದಾಹರಣೆ. 1928ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ನೃತ್ಯಕ್ಕಾಗಿ ಮೊದಲು ನುಡಿಸಿದ ಈ ರಚನೆ ಹದಿನೈದು ನಿಮಿಷ ಹಿಡಿಯುತ್ತದೆ. ಸ್ನೇರ್ ಡ್ರಮ್ ಎರಡು ಬಾರ್‌ಗಳ, 24 ಏಟುಗಳ ಒಂದು ಪಾಠವನ್ನು ಶುರುವಿನಿಂದ 169 ಸಲ ಬಡಿಯುತ್ತದೆ. ಕೆಳಗೆ ಷಡ್ಜ-ಪಂಚಮಗಳ ಮೀಟು, ಅದೂ ಬದಲಾಗದು. ಇಲ್ಲಿ ಪಂಚಮದ ಹಂಬಲವನ್ನು ರವೆಲ್ ಹೆಚ್ಚೇನೂ ನೆಚ್ಚಿಕೊಂಡಿಲ್ಲ. 340 ಬಾರ್‌ಗಳಲ್ಲಿ 320ಕ್ಕೂ ಹೆಚ್ಚು ಬಾರ್ ಒಂದೇ ಶ್ರುತಿಯಲ್ಲಿ ಕೂರಿಸಿ, ಇನ್ನು ಇದು ಬದಲಾಗುವುದೇ ಇಲ್ಲ ಎಂದು ನಂಬಿಸಿ, ಕೊನೆಗೆ ಇದ್ದಕ್ಕಿದ್ದಂತೆ ಇಡೀ ಶ್ರುತಿಯನ್ನು ಗಾಂಧಾರಕ್ಕೆ ಎತ್ತಿಬಿಡುತ್ತಾನೆ. ಎಂಟೇ ಬಾರ್, ಮತ್ತೆ ಸಿ ಮೇಜರ್, ಮುಗಿಯಿತು. ಶ್ರುತಿ ಜಿಗಿದಾಗ ಸ್ನೇರ್ ಡ್ರಮ್ ತನ್ನ ಪಾಠ ಬಿಡುವುದಿಲ್ಲ. ಅದಕ್ಕೆ ಸ್ವರವಿಲ್ಲವಾದ್ದರಿಂದ ಬಿಡಬೇಕಾಗಿಯೂ ಇಲ್ಲ. ಪೆಡಲ್ ಪಾಯಿಂಟ್‌ಗೆ ಈ ಸ್ವಾತಂತ್ರ್ಯವಿಲ್ಲ.

ಇಂಥ ತಂತ್ರ ಕೈಕೊಟ್ಟ ದಾಖಲಾದ ಪ್ರಸಂಗವೂ ಒಂದಿದೆ. 1867ರ ಡಿಸೆಂಬರ್ 1ರಂದು ವಿಯೆನ್ನಾದಲ್ಲಿ ಯೊಹಾನೆಸ್ ಬ್ರಾಮ್ಸ್‌ನ 'ಜರ್ಮನ್ ರಿಕ್ವಿಯಮ್'ನ ಮೊದಲ ಮೂರು ಭಾಗಗಳ ಪ್ರದರ್ಶನವಿತ್ತು. ನಿರ್ದೇಶಿಸಿದವನು ಯೊಹಾನ್ ಹೆರ್ಬೆಕ್. ಮೂರನೇ ಭಾಗದ ಕೊನೆಗೆ ಒಂದು ದೊಡ್ಡ ಫ್ಯೂಗ್ ಇದೆ. ವೃಂದಗಾಯಕರ ನಾಲ್ಕು ಗುಂಪುಗಳು ಒಂದನ್ನೊಂದು ಹಿಂಬಾಲಿಸುತ್ತ ಹಾಡುತ್ತವೆ. ಸಜ್ಜನರ ಆತ್ಮಗಳು ದೇವರ ಕೈಯಲ್ಲಿ ಭದ್ರವಾಗಿವೆ ಎಂಬುದು ಅದರ ಮಾತು. ಆ ಭದ್ರತೆಯನ್ನು ಕೇಳಿಸಲೆಂದು ಬ್ರಾಮ್ಸ್ 36 ಬಾರ್ ಉದ್ದಕ್ಕೂ ಕೆಳಗೆ ಒಂದೇ ಸ್ವರ ಇಟ್ಟ. ಆ ಭಾಗದ ಷಡ್ಜವೇ ಆದ ಡಿ ಅದು. ಮೇಲೆ ಧ್ವನಿಗಳು ಎಲ್ಲೆಲ್ಲಿಗೋ ಹೋಗಿಬರುತ್ತವೆ, ಕೆಳಗೆ ಡಿ ಅಲ್ಲಾಡದು. ಅಂದು ಟಿಂಪನಿ ಬಾರಿಸುವವನು ಬರೆದದ್ದನ್ನು ತಪ್ಪಾಗಿ ಓದಿಕೊಂಡು ಆ ಡಿಯನ್ನು ಜೋರಾಗಿ ಬಾರಿಸುತ್ತಲೇ ಹೋದ. ಹಾಡು ಅದರಡಿ ಮುಚ್ಚಿಹೋಯಿತು. ಸಭಿಕರಲ್ಲಿ ಕೆಲವರು ಬುಸುಗುಟ್ಟಿ ವಿರೋಧ ತೋರಿದರು.

ಕಿವಿ ಕೆಟ್ಟದ್ದು ಸದ್ದಿನಿಂದ ಮಾತ್ರವಲ್ಲ. ಷಡ್ಜದ ಪೆಡಲ್ ಪಾಯಿಂಟ್‌ಗೆ ತನ್ನದೇ ಎಳೆತ ಕಡಿಮೆ. ಅದಕ್ಕೆ ಜೀವ ಬರುವುದು ಮೇಲಿನ ಧ್ವನಿಗಳು ಅದರಿಂದ ದೂರ ಹೋಗಿ ಉಜ್ಜಿ ಮರಳುವುದರಿಂದ. ಆ ಧ್ವನಿಗಳೇ ಕೇಳದಿದ್ದರೆ ಉಳಿಯುವುದು ಒಂದೇ ಸ್ವರದ ಗುಡುಗು. ಬೀಥೋವನ್ ತನ್ನ ನಗಾರಿಯನ್ನು ಅಷ್ಟು ಮೆಲ್ಲಗೆ ಇಟ್ಟದ್ದಕ್ಕೆ ಇದೂ ಕಾರಣ: ನಿಂತ ಸ್ವರ ಕೇಳಬೇಕು, ಆದರೆ ಅದರ ಮೇಲಿನ ಜಗಳ ಅದಕ್ಕಿಂತ ಸ್ಪಷ್ಟವಾಗಿ ಕೇಳಬೇಕು. ಪಿಯಾನೊ ವಿದ್ಯಾರ್ಥಿಗಳಲ್ಲಿ ಇದೇ ತಪ್ಪಿನ ಇನ್ನೊಂದು ರೂಪ ಕಾಣುತ್ತದೆ. ಬಾಖ್‌ನ ಪ್ರೆಲ್ಯೂಡ್‌ನಲ್ಲಿ ಪಂಚಮ ಸಾಯದಿರಲೆಂದು ಕಾಲಿನ ಪೆಡಲ್ ಒತ್ತಿಯೇ ಇಟ್ಟರೆ 27ರ ನಿಷಾದ 28ರೊಳಕ್ಕೂ ಹರಿದು, ಅಲ್ಲಿನ ಸಾಧಾರಣ ಗಾಂಧಾರ, ಪ್ರತಿ ಮಧ್ಯಮಗಳೊಂದಿಗೆ ಕಲಸಿಹೋಗುತ್ತದೆ. ಆಗ ಕೇಳುವುದು ಉಜ್ಜಾಟವಲ್ಲ, ಮಂಜು. ಸರಿಯಾಯಿತೋ ಇಲ್ಲವೋ ತಿಳಿಯಲು 28ನೇ ಬಾರ್‌ನಲ್ಲಿ ಕೆಳಗಿನ ಪಂಚಮವನ್ನೂ ಮೇಲ್ತುದಿಯ ಪ್ರತಿ ಮಧ್ಯಮವನ್ನೂ ಬೇರೆಬೇರೆಯಾಗಿ ಗುನುಗಲು ಬರುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ಬ್ರಾಮ್ಸ್‌ನ ರಚನೆ ವಿಯೆನ್ನಾದ ಆ ಸಂಜೆಯ ನಾಲ್ಕು ತಿಂಗಳ ಮೇಲೆ, 1868ರ ಏಪ್ರಿಲ್ 10ರ ಗುಡ್ ಫ್ರೈಡೆಯಂದು, ಬ್ರೆಮೆನ್ ನಗರದ ಕೆಥೆಡ್ರಲ್‌ನಲ್ಲಿ ಅವನದೇ ನಿರ್ದೇಶನದಲ್ಲಿ ಮತ್ತೆ ಕೇಳಿಸಿತು. ಆಗ ಅದರಲ್ಲಿ ಆರು ಭಾಗಗಳಿದ್ದವು, 36 ಬಾರ್‌ಗಳ ಡಿ ಕೂಡ ಇತ್ತು. ಈ ಸಲ ಜನ ಅದನ್ನು ಮನಸಾರೆ ಒಪ್ಪಿಕೊಂಡರು.